ಖಿನ್ನತೆಯ ಮಾತ್ರೆಯನ್ನು ಮನೆಯವರೇ ನಿಲ್ಲಿಸದಿರಲಿ

ನಮ್ಮ ಮನೆಗಳಲ್ಲಿ 'ವೀಕ್‌ನೆಸ್' ಎಂಬ ಮಾತಿಗೆ ಎರಡು ಅರ್ಥಗಳಿವೆ. ದೇಹದ ವೀಕ್‌ನೆಸ್ ಎಂದರೆ ಎಳನೀರು, ಕೋಳಿಸಾರು, ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಡ್ರಿಪ್. ಮನಸ್ಸಿನ ವೀಕ್‌ನೆಸ್ ಎಂದರೆ ಉಪದೇಶ. "ಧೈರ್ಯ ತಂದುಕೋ", "ನಮಾಝ್ ಸರಿಯಾಗಿ ಮಾಡು", "ನಿನಗೇನು ಕಡಿಮೆಯಾಗಿದೆ?" ಮೊದಲನೆಯ ವೀಕ್‌ನೆಸ್ ಬಂದವರನ್ನು ನಾವು ಮಲಗಿಸುತ್ತೇವೆ, ಎರಡನೆಯದು ಬಂದವರನ್ನು ನಿಲ್ಲಿಸಿ ಪ್ರಶ್ನಿಸುತ್ತೇವೆ.

ಖಿನ್ನತೆ ಎಂಬ ಕಾಯಿಲೆ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವುದೇ ಕಷ್ಟ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ನಿಜವೇ. ಆದರೆ ಅದಕ್ಕಿಂತ ದೊಡ್ಡ ಅಪಾಯ ವೈದ್ಯರ ಚೀಟಿ ಮನೆಗೆ ಬಂದ ಮೇಲಿದೆ. ಮಾತ್ರೆ ಶುರುವಾದ ಎರಡನೇ ವಾರದಲ್ಲಿ ಒಮ್ಮೆ, ರೋಗಿ ಚೇತರಿಸಿಕೊಂಡ ಮೂರನೇ ತಿಂಗಳಲ್ಲಿ ಇನ್ನೊಮ್ಮೆ ಮಾತ್ರೆ ನಿಂತುಹೋಗುವ ಸಂಭವ ಹೆಚ್ಚು. ಎರಡು ಸಲವೂ ನಿಲ್ಲಿಸುವ ತೀರ್ಮಾನ ಬಹಳ ಮನೆಗಳಲ್ಲಿ ರೋಗಿಯದ್ದಾಗಿರುವುದಿಲ್ಲ, ಮನೆಯವರದ್ದಾಗಿರುತ್ತದೆ. ಆದ್ದರಿಂದ ಈ ಕಾಯಿಲೆಯನ್ನೂ ಅದರ ಔಷಧವನ್ನೂ ಮನೆಯವರಿಗೆ ಅರ್ಥಮಾಡಿಸುವುದು ಚಿಕಿತ್ಸೆಯ ಅರ್ಧ ಭಾಗ ಎಂಬುದು ನನ್ನ ಅಭಿಪ್ರಾಯ.

ಬೇಜಾರು ಬೇರೆ, ಖಿನ್ನತೆ ಬೇರೆ

ಮೊದಲ ತೊಡಕು ಮಾತಿನದ್ದು. 'ಖಿನ್ನತೆ' ಎಂಬುದು ಪುಸ್ತಕದ ಪದ. ಮನೆಯಲ್ಲಿ ಯಾರೂ "ನನಗೆ ಖಿನ್ನತೆಯಾಗಿದೆ" ಎನ್ನುವುದಿಲ್ಲ. ಕರಾವಳಿಯಲ್ಲಿ "ಬೇಜಾರು" ಎನ್ನುತ್ತಾರೆ, ಉರ್ದು ಮಾತನಾಡುವ ಮನೆಗಳಲ್ಲಿ "ದಿಲ್ ಘಬ್ರಾತಾ" ಎನ್ನುತ್ತಾರೆ, ಎಲ್ಲೆಡೆಯೂ "ಟೆನ್ಷನ್" ಎನ್ನುತ್ತಾರೆ. ಬಸ್ಸು ತಪ್ಪಿದರೂ ಬೇಜಾರು, ಮಗ ಪರೀಕ್ಷೆಯಲ್ಲಿ ಫೇಲಾದರೂ ಬೇಜಾರು. ಅದೇ ಪದದಿಂದ ಈ ಕಾಯಿಲೆಯನ್ನೂ ಕರೆದಾಗ ಕೇಳಿದವರಿಗೆ ಅದು ಸಣ್ಣ ವಿಷಯವಾಗಿಯೇ ಕಾಣುತ್ತದೆ. ಇನ್ನು ಅನೇಕರು ಮನಸ್ಸಿನ ಮಾತೇ ಎತ್ತುವುದಿಲ್ಲ. ಎದೆ ಭಾರ, ತಲೆ ಭಾರ, ಗ್ಯಾಸ್, ನರದ ದೌರ್ಬಲ್ಯ ಎಂದು ಹೇಳಿಕೊಂಡು ಒಂದರ ಹಿಂದೆ ಒಂದರಂತೆ ಇಸಿಜಿ, ಸ್ಕ್ಯಾನಿಂಗ್, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಮಾಡಿಸುತ್ತಾ ಹೋಗುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಬೇಜಾರಿಗೆ ಒಂದು ಕಾರಣವಿರುತ್ತದೆ, ಮತ್ತು ಅದು ಬಂದು ಹೋಗುತ್ತದೆ. ಮದುವೆಮನೆಗೆ ಹೋದರೆ, ಮಗು ನಕ್ಕರೆ ಸ್ವಲ್ಪ ಹೊತ್ತಾದರೂ ಮರೆತುಹೋಗುತ್ತದೆ. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಮನಸ್ಸು ಕುಗ್ಗಿರುವುದು, ಇಲ್ಲವೇ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಉಳಿಯದಿರುವುದು, ಹೆಚ್ಚುಕಡಿಮೆ ದಿನವಿಡೀ, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಮುಂದುವರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಅದರ ಜೊತೆಗೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆ ಕೆಟ್ಟಿವೆಯೇ, ತನ್ನನ್ನು ತಾನೇ ದೂಷಿಸಿಕೊಳ್ಳುವುದು, ಸಾವಿನ ಯೋಚನೆ ಇದೆಯೇ ಎಂದು ಕೇಳುತ್ತಾರೆ. ಇವುಗಳಲ್ಲಿ ಅರ್ಧಕ್ಕರ್ಧ ದೇಹದ ಲಕ್ಷಣಗಳು ಎಂಬುದನ್ನು ಗಮನಿಸಿ. ನಿದ್ರೆ, ಹಸಿವು, ತೂಕ ಇವು ಯಾರ ಛಲದ ಮಾತನ್ನೂ ಕೇಳುವುದಿಲ್ಲ.

ಒಂದು ಮನೆಯ ಲೆಕ್ಕ

ಹಲವು ಮನೆಗಳಲ್ಲಿ ನಡೆಯುವುದನ್ನು ಒಂದು ಮನೆಯದ್ದಾಗಿ ಹೇಳುತ್ತೇನೆ. ಹೆಸರುಗಳು ಬೇಡ. 36 ವರ್ಷದ ತಮ್ಮ, ಬಟ್ಟೆ ಅಂಗಡಿ ನೋಡಿಕೊಳ್ಳುವವನು. ಒಂದೇ ಮನೆಯಲ್ಲಿ ತಾಯಿ, ಅಣ್ಣ, ಹೆಂಡತಿ, ಇಬ್ಬರು ಮಕ್ಕಳು. ದೊಡ್ಡ ಸಾಲವಿಲ್ಲ, ಜಗಳವಿಲ್ಲ.

ಎರಡು ತಿಂಗಳಿಂದ ಅವನಿಗೆ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಮತ್ತೆ ನಿದ್ರೆ ಹತ್ತುವುದಿಲ್ಲ. ಮಗ ತಹಜ್ಜುದ್‌ಗೆ ಏಳುತ್ತಿದ್ದಾನೆಂದು ತಾಯಿಗೆ ಒಳಗೊಳಗೇ ಸಂತೋಷ. ಅವನು ಮಂಚದ ಅಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಬೆಳಿಗ್ಗೆ ಎದ್ದು ಅಂಗಡಿಯ ಶಟರ್ ಎತ್ತುವುದೆಂದರೆ ಬೆಟ್ಟ ಹತ್ತಿದಂತೆ. ಸಂಜೆಯಾಗುತ್ತಾ ಸ್ವಲ್ಪ ಗೆಲುವಾಗುತ್ತಾನೆ, ನಾಲ್ಕು ಮಾತಾಡುತ್ತಾನೆ. ಇದನ್ನು ಕಂಡು ಅಣ್ಣ ಹೇಳುತ್ತಾನೆ: "ಅಂಗಡಿಗೆ ಹೋಗುವ ಹೊತ್ತಿಗೆ ಮಾತ್ರ ಕಾಯಿಲೆ. ಸಂಜೆ ನೋಡಿ, ಏನೂ ಇಲ್ಲ."

ನಾಟಕ ಎಂದು ಅಣ್ಣನಿಗೆ ಕಂಡದ್ದು ವೈದ್ಯರಿಗೆ ಸುಳಿವು. ಬೆಳಗಿನ ಜಾವ ಬೇಗ ಎಚ್ಚರವಾಗುವುದು, ಬೆಳಿಗ್ಗೆ ಅತ್ಯಂತ ಕುಗ್ಗಿ ಸಂಜೆಗೆ ಕೊಂಚ ಹಗುರಾಗುವುದು, ಊಟದ ರುಚಿ ಹೋಗಿ ತೂಕ ಇಳಿಯುವುದು ಇವು ಒಂದು ಬಗೆಯ ತೀವ್ರ ಖಿನ್ನತೆಯ ಚಹರೆಗಳು. ದಿನದ ಹೊತ್ತಿಗನುಗುಣವಾಗಿ ದೇಹವನ್ನು ನಡೆಸುವ ಒಳಗಿನ ಗಡಿಯಾರವೇ ಈ ಕಾಯಿಲೆಯಲ್ಲಿ ಏರುಪೇರಾಗಿರುತ್ತದೆ. ಸೋಮಾರಿಯಾದವನಿಗೆ ಬೆಳಿಗ್ಗೆ ಮೂರಕ್ಕೆ ಎಚ್ಚರವಾಗುವುದಿಲ್ಲ.

ಅವನಿಗೆ ನಮಾಝಿನಲ್ಲಿ ರಕಅತ್‌ಗಳ ಲೆಕ್ಕ ತಪ್ಪುತ್ತದೆ. ಮೂರೋ ನಾಲ್ಕೋ ತಿಳಿಯುವುದಿಲ್ಲ. ಕ್ರಮೇಣ ಮಸೀದಿಗೆ ಹೋಗುವುದನ್ನೇ ಬಿಡುತ್ತಾನೆ. "ಅಲ್ಲಾಹನಿಗೆ ನನ್ನ ಮೇಲೆ ಸಿಟ್ಟು. ನನ್ನ ದುಆ ಸ್ವೀಕಾರವಾಗುವುದಿಲ್ಲ" ಎಂದು ಹೆಂಡತಿಯ ಬಳಿ ಹೇಳುತ್ತಾನೆ. ಮನೆಯಲ್ಲಿ ಇದನ್ನು ಈಮಾನಿನ ಕೊರತೆ ಎಂದು ತೀರ್ಮಾನಿಸಿದ್ದಾರೆ. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಲೆಕೆಳಗಾಗಿದೆ. ನಮಾಝ್ ಬಿಟ್ಟದ್ದರಿಂದ ಅವನು ಹೀಗಾಗಲಿಲ್ಲ. ಏಕಾಗ್ರತೆಯನ್ನು ಕಾಯಿಲೆ ಕಸಿದುಕೊಂಡದ್ದರಿಂದ ನಮಾಝ್ ಕೈಜಾರಿತು. ಅಲ್ಲಾಹನು ತನ್ನನ್ನು ಕೈಬಿಟ್ಟನೆಂಬ ಮಾತೂ ಕಾಯಿಲೆ ಆಡಿಸುವ ಮಾತೇ. ಖಿನ್ನತೆಯು ರೋಗಿಗೆ ಯಾವುದು ಅತ್ಯಂತ ಪ್ರಿಯವೋ ಅದರ ಮೂಲಕವೇ ಅವನನ್ನು ದೂಷಿಸುತ್ತದೆ. ವ್ಯಾಪಾರವೇ ಜೀವವಾದವನಿಗೆ ದಿವಾಳಿಯಾದೆನೆಂಬ ಭಯ ಕೊಡುತ್ತದೆ, ಧರ್ಮನಿಷ್ಠನಿಗೆ ತಾನು ಪಾಪಿಯೆಂಬ ಭಯ ಕೊಡುತ್ತದೆ. ಅಂಥವನ ಮುಂದೆ ನರಕದ ಬಗ್ಗೆ ಪ್ರವಚನ ಮಾಡಿದರೆ ನಾವು ಕಾಯಿಲೆಯ ಪರವಾಗಿ ವಾದಿಸಿದಂತೆ.

ಚೀಟಿಯಲ್ಲಿ ಏನಿದೆ

ಹೆಂಡತಿಯ ಒತ್ತಾಯಕ್ಕೆ ಅವನನ್ನು ಮನೋವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ಮೊದಲು ರಕ್ತ ಪರೀಕ್ಷೆಗೆ ಬರೆದರು: ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12, ಸಕ್ಕರೆ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ ಖಿನ್ನತೆಯಂತೆಯೇ ಕಾಣಬಹುದು ಎಂಬುದಕ್ಕೆ ಈ ಪರೀಕ್ಷೆಗಳು. ಖಿನ್ನತೆಯನ್ನೇ ತೋರಿಸುವ ರಕ್ತ ಪರೀಕ್ಷೆ ಇಲ್ಲ. ಅದನ್ನು ತಿಳಿಯುವುದು ರೋಗಿಯನ್ನೂ ಮನೆಯವರನ್ನೂ ಕೇಳಿಯೇ. ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದೂ ಕೇಳಿದರು. ಹಿಂದೆ ಎಂದಾದರೂ ವಾರಗಟ್ಟಲೆ ನಿದ್ರೆಯಿಲ್ಲದೆಯೂ ಅತಿಯಾದ ಹುರುಪು, ಅತಿಯಾದ ಮಾತು, ಕೈಮೀರಿದ ಖರ್ಚು ಇತ್ತೇ ಎಂದೂ ಕೇಳಿದರು. ಈ ಕೊನೆಯ ಪ್ರಶ್ನೆಗೆ ಮರ್ಯಾದೆಗೆ ಅಂಜಿ ಸುಳ್ಳು ಹೇಳಬಾರದು. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಆ ಹುರುಪು ಉನ್ಮಾದವಾಗಿ ಮರುಕಳಿಸಬಹುದು. ಅವರಿಗೆ ಬೇರೆ ಔಷಧ ಬೇಕಾಗುತ್ತದೆ.

ಚೀಟಿಯಲ್ಲಿ ಎರಡು ಮಾತ್ರೆಗಳಿದ್ದವು. ಒಂದು ಎಸಿಟಾಲೋಪ್ರಾಮ್, ಮೊದಲ ವಾರ 5 ಮಿಲಿಗ್ರಾಂ, ನಂತರ 10 ಮಿಲಿಗ್ರಾಂ, ದಿನಕ್ಕೊಮ್ಮೆ ಊಟದ ಬಳಿಕ. ಇನ್ನೊಂದು ಕ್ಲೋನಜೆಪಾಮ್ 0.25 ಮಿಲಿಗ್ರಾಂ, ರಾತ್ರಿ ಮಲಗುವ ಮುನ್ನ, ಎರಡು ವಾರ ಮಾತ್ರ.

ನಮ್ಮ ಮನೆಗಳ ಅರ್ಧ ಗೊಂದಲ ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತದೆ. "ಈ ಮಾತ್ರೆ ಚಟವಾಗುತ್ತದೆ" ಎಂಬ ಮಾತು ಎರಡನೆಯದರ ಬಗ್ಗೆ ನಿಜ. ಕ್ಲೋನಜೆಪಾಮ್, ಅಲ್ಪ್ರಜೋಲಾಮ್ ಮುಂತಾದವು ಆ ರಾತ್ರಿಯೇ ನಿದ್ರೆ ತರುತ್ತವೆ, ತಳಮಳ ತಗ್ಗಿಸುತ್ತವೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹಕ್ಕೆ ರೂಢಿಯಾಗಿ ಹೆಚ್ಚು ಹೆಚ್ಚು ಬೇಕೆನಿಸುತ್ತದೆ. ಅದಕ್ಕೇ ವೈದ್ಯರು ಅದನ್ನು ಕೆಲವೇ ವಾರಗಳಿಗೆ, ಮುಖ್ಯ ಔಷಧ ಕೆಲಸ ಶುರುಮಾಡುವವರೆಗೆ ಕೊಡುವುದು. ಮುಖ್ಯ ಔಷಧವಾದ ಎಸಿಟಾಲೋಪ್ರಾಮ್ ಆಗಲಿ, ಸರ್ಟ್ರಾಲಿನ್, ಫ್ಲುವೊಕ್ಸೆಟಿನ್ ಆಗಲಿ ಆ ಜಾತಿಯವಲ್ಲ. ಅವು ಅಮಲು ತರುವುದಿಲ್ಲ, ಇನ್ನಷ್ಟು ಬೇಕೆಂಬ ಹಂಬಲ ಹುಟ್ಟಿಸುವುದಿಲ್ಲ, ಒಂದು ನುಂಗಿದರೆ ಖುಷಿಯೂ ಆಗುವುದಿಲ್ಲ.

ದುರದೃಷ್ಟವೆಂದರೆ ಮನೆಗಳಲ್ಲಿ ತದ್ವಿರುದ್ಧ ನಡೆಯುತ್ತದೆ. ತಕ್ಷಣ ನಿದ್ರೆ ಬರುವುದರಿಂದ ಎರಡನೆಯ ಮಾತ್ರೆ 'ಒಳ್ಳೆಯದು' ಎನಿಸಿ ಮುಂದುವರಿಯುತ್ತದೆ. ತಕ್ಷಣ ಏನೂ ಕಾಣದ್ದರಿಂದ ಮೊದಲನೆಯದು ನಿಲ್ಲುತ್ತದೆ. ಎರಡನ್ನೂ ಸೇರಿಸಿದ ಒಂದೇ ಮಾತ್ರೆಯೂ ನಮ್ಮ ಔಷಧದಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊಟ್ಟಿದ್ದರೆ ನಿದ್ರೆಯ ಔಷಧವನ್ನು ಎಂದು, ಹೇಗೆ ಬೇರ್ಪಡಿಸುತ್ತೀರಿ ಎಂದು ವೈದ್ಯರನ್ನು ಕೇಳಿ. ಪಟ್ಟಿಯ ಹಿಂಬದಿಯಲ್ಲಿ ಔಷಧದ ಹೆಸರುಗಳಿರುತ್ತವೆ, ಒಮ್ಮೆ ಓದಿ ನೋಡಿ.

ಮೊದಲ ಆರು ವಾರ

ಕತೆಗೆ ಮರಳೋಣ. ನಾಲ್ಕನೇ ದಿನ ಅವನಿಗೆ ಹೊಟ್ಟೆ ತೊಳಸಿತು, ಬೇಧಿಯಾಯಿತು, ಕೈಕಾಲಿನಲ್ಲಿ ಚಡಪಡಿಕೆ. ಹತ್ತನೇ ದಿನವಾದರೂ ಮನಸ್ಸು ಮೊದಲಿನಂತೆಯೇ ಇತ್ತು. "ಇದ್ದ ಕಾಯಿಲೆ ಹೋಗಲಿಲ್ಲ, ಹೊಸದು ಬಂತು" ಎಂದು ಅಣ್ಣ ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದ.

ಅಣ್ಣ ಕೆಟ್ಟವನಲ್ಲ. ಈ ಔಷಧದ ನಡೆ ಹೇಗೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಅಷ್ಟೆ. ಜ್ವರದ ಮಾತ್ರೆ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತದೆ. ಇದು ಹಾಗಲ್ಲ. ಮಿದುಳಿನ ನರಕೋಶಗಳು ಒಂದರೊಡನೊಂದು ಮಾತಾಡಲು ಬಳಸುವ ಹಲವು ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲೇ ಅದರ ಪ್ರಭಾವ ಹೆಚ್ಚುತ್ತದೆ. ಕರುಳಿನಲ್ಲೂ ಅದೇ ಸೆರೊಟೋನಿನ್ ಇರುವುದರಿಂದ ಹೊಟ್ಟೆ ತೊಳಸುವುದು ಮೊದಲು ಬರುತ್ತದೆ. ಆದರೆ ಮನಸ್ಸು ಹಗುರಾಗಬೇಕಾದರೆ ನರಕೋಶಗಳು ಆ ಬದಲಾವಣೆಗೆ ನಿಧಾನವಾಗಿ ಹೊಂದಿಕೊಂಡು ತಮ್ಮ ಸಂಪರ್ಕಗಳನ್ನು ಸರಿಪಡಿಸಿಕೊಳ್ಳಬೇಕು ಎಂದು ವೈದ್ಯಕೀಯ ಲೋಕ ತಿಳಿಯುತ್ತದೆ. ಅದಕ್ಕೆ ವಾರಗಳು ಬೇಕು. ಹೀಗಾಗಿ ಈ ಔಷಧದಲ್ಲಿ ತೊಂದರೆ ಮೊದಲು, ಪ್ರಯೋಜನ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಹತ್ತನೇ ದಿನ ತೀರ್ಪು ಕೊಡುವುದೆಂದರೆ ಅಕ್ಕಿ ಕುದಿಯುವ ಮೊದಲೇ ಅನ್ನವಾಗಿಲ್ಲವೆಂದು ಪಾತ್ರೆ ಇಳಿಸಿದಂತೆ.

ಮಾತ್ರೆ ನಿಂತ ಮೂರನೇ ವಾರ ಅವನು ಹೆಂಡತಿಗೆ ಹೇಳಿದ: "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ." ಆಕೆ ಹೆದರಿ ಅತ್ತೆಯನ್ನೂ ಕರೆದುಕೊಂಡು ಮತ್ತೆ ವೈದ್ಯರ ಬಳಿ ಹೋದಳು. ವೈದ್ಯರು ಈ ಸಲ ತಾಯಿಯೊಂದಿಗೇ ಮಾತಾಡಿದರು. "ಉಮ್ಮಾ, ನಿಮ್ಮ ಮಗನಿಗೆ ಧೈರ್ಯ ಕಡಿಮೆಯಾದದ್ದಲ್ಲ. ನಿದ್ರೆ, ಹಸಿವು, ಆಸೆ, ಸಂತೋಷ ಇವನ್ನೆಲ್ಲ ನಡೆಸುವುದು ಮಿದುಳು. ಆ ಮಿದುಳೇ ಈಗ ಸೋತಿದೆ. ಕಾಲು ಮುರಿದವನಿಗೆ ನಡೆ ಎನ್ನುತ್ತೀರಾ?" ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಯಾರ ಕಣ್ಣು ಬಿತ್ತು ಡಾಕ್ಟ್ರೇ?" ವೈದ್ಯರು ವಾದಿಸಲಿಲ್ಲ. "ನೀವು ದುಆ ಮಾಡಿ, ಕುರ್‌ಆನ್ ಓದಿ ಊದಿ. ಅದನ್ನು ಬಿಡಬೇಡಿ. ಇದನ್ನೂ ಬಿಡಬೇಡಿ" ಎಂದರು.

ಮತ್ತೆ 5 ಮಿಲಿಗ್ರಾಂನಿಂದ ಶುರುವಾಯಿತು. ಎರಡನೇ ವಾರದ ಕೊನೆಗೆ ನಿದ್ರೆ ಐದು ಗಂಟೆಗೆ ಏರಿತು. ಮೂರನೇ ವಾರ ಮೀನುಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದ. ಐದನೇ ವಾರ ಮಗಳ ಹೋಂವರ್ಕ್ ನೋಡಲು ಕುಳಿತ. ಆದರೆ "ಹೇಗಿದ್ದೀ?" ಎಂದರೆ ಆಗಲೂ "ಹಾಗೇ ಇದ್ದೇನೆ" ಎನ್ನುತ್ತಿದ್ದ. ಇದು ಸಾಮಾನ್ಯ. ಗುಣವಾಗುತ್ತಿರುವುದು ಮೊದಲು ಕಾಣುವುದು ಎದುರಿಗಿರುವವರಿಗೆ, ರೋಗಿಗೆ ತಿಳಿಯುವುದು ಕೊನೆಗೆ. ಆದ್ದರಿಂದ ನಿದ್ರೆ ಎಷ್ಟು ಗಂಟೆ, ಊಟ ಎಷ್ಟು, ಸ್ನಾನ, ಮಾತು ಇವನ್ನು ಹೆಂಡತಿಯೋ ತಾಯಿಯೋ ಒಂದು ಡೈರಿಯಲ್ಲಿ ದಿನಕ್ಕೊಂದು ಸಾಲು ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ರಿಪೋರ್ಟ್ ಬೇರೆ ಇಲ್ಲ. ಎಂಟನೇ ವಾರ ಅವನು ಒಂಬತ್ತು ಗಂಟೆಗೆ ಅಂಗಡಿ ತೆರೆದ.

ಕೇಳಬೇಕಾದ ಪ್ರಶ್ನೆ

"ನಾನಿಲ್ಲದಿದ್ದರೆ ಹಗುರ" ಎಂಬಂಥ ಮಾತು ಕೇಳಿದರೆ ವಿಷಯ ಬದಲಿಸಬೇಡಿ. "ಸಾಯಬೇಕು ಎನಿಸುತ್ತಿದೆಯಾ?" ಎಂದು ಮೆಲ್ಲನೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಸರಿಯಲ್ಲ. ಹೇಳಿಕೊಳ್ಳಲು ದಾರಿ ಸಿಕ್ಕಿದಾಗ ಹೆಚ್ಚಿನವರಿಗೆ ಹಗುರವೇ ಆಗುತ್ತದೆ. ಆತ್ಮಹತ್ಯೆ ಹರಾಮ್ ಎಂಬುದು ಅವನಿಗೂ ಗೊತ್ತು. ಬಹುಶಃ ಅದೇ ಅವನನ್ನು ಇಷ್ಟು ದಿನ ತಡೆದಿದೆ. ಆದರೆ ಅದನ್ನೇ ಮೊದಲ ಉತ್ತರವಾಗಿ ಕೊಟ್ಟರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ.

ಚಿಕಿತ್ಸೆಯ ಮೊದಲ ವಾರಗಳಲ್ಲಿ ಕಾವಲು ಹೆಚ್ಚಿರಬೇಕು. 25 ವರ್ಷದೊಳಗಿನವರಲ್ಲಿ ಈ ಮಾತ್ರೆ ಶುರುವಾದಾಗ ಅಂಥ ಯೋಚನೆಗಳು ಕೆಲವರಲ್ಲಿ ಹೆಚ್ಚಬಹುದು. ಹಾಗೆಂದು ಮಾತ್ರೆಯೇ ಬೇಡವೆನ್ನುವುದಲ್ಲ, ಒಬ್ಬಂಟಿಯಾಗಿ ಬಿಡಬಾರದು, ಬೇಗ ಬೇಗ ವೈದ್ಯರಿಗೆ ತೋರಿಸಬೇಕು. ಚಡಪಡಿಕೆ ಒಮ್ಮೆಲೇ ಹೆಚ್ಚಾದರೆ ಮುಂದಿನ ತಾರೀಕಿಗೆ ಕಾಯದೆ ಅಂದೇ ತಿಳಿಸಬೇಕು. ಮಾತ್ರೆಗಳು ಮನೆಯವರೊಬ್ಬರ ಬಳಿ ಇರಲಿ. ತೋಟವಿರುವ ಮನೆಗಳಲ್ಲಿ ಕೀಟನಾಶಕವನ್ನು ಮನೆಯಿಂದ ದೂರ, ಬೀಗ ಹಾಕಿ ಇಡಿ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಗುಣವಾದ ಮೇಲೆ ಯಾಕೆ?

ಮೂರನೇ ತಿಂಗಳಿಗೆ ಅವನು ಮೊದಲಿನಂತಾದ. ಮನೆಯಲ್ಲಿ ಮತ್ತೆ ಪ್ರಶ್ನೆ ಎದ್ದಿತು: "ಸರಿಯಾದನಲ್ಲ, ಇನ್ನೂ ಯಾಕೆ ಮಾತ್ರೆ?" ಮುರಿದ ಕೈಗೆ ಹಾಕಿದ ಪ್ಲಾಸ್ಟರ್ ನೆನಪಿಸಿಕೊಳ್ಳಿ. ನೋವು ಕೆಲವೇ ದಿನಗಳಲ್ಲಿ ಹೋಗುತ್ತದೆ, ಮೂಳೆ ಕೂಡಿಕೊಳ್ಳಲು ಇನ್ನೂ ಸಮಯ ಬೇಕು. ನೋವು ಹೋಯಿತೆಂದು ಪ್ಲಾಸ್ಟರ್ ಕತ್ತರಿಸಿದರೆ ಕೈ ಮತ್ತೆ ಮುರಿಯುತ್ತದೆ. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಚೇತರಿಸಿಕೊಂಡ ಮೇಲೆ ಕನಿಷ್ಠ ಆರು ತಿಂಗಳು ಅದೇ ಪ್ರಮಾಣದಲ್ಲಿ ಮಾತ್ರೆ ಮುಂದುವರಿಸಬೇಕೆಂದು ವೈದ್ಯರು ಹೇಳುತ್ತಾರೆ. ಆರಂಭದಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ರೆಗೇಡು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗಬಹುದು. "ನೋಡಿ, ಚಟವಾಗಿದೆ" ಎಂದು ಮನೆಯವರು ಹೇಳುವುದು ಇದನ್ನು ಕಂಡೇ. ಇದು ಚಟವಲ್ಲ. ರೂಢಿಯಾದ ಔಷಧವನ್ನು ಥಟ್ಟನೆ ಕಿತ್ತುಕೊಂಡಾಗ ದೇಹ ತೋರುವ ತಕರಾರು.

ನಡುವೆ ರಮಝಾನ್ ಬಂದರೆ? ದಿನಕ್ಕೊಮ್ಮೆ ತೆಗೆದುಕೊಳ್ಳುವ ಇಂಥ ಮಾತ್ರೆಯನ್ನು ಸಾಮಾನ್ಯವಾಗಿ ಇಫ್ತಾರಿನ ಬಳಿಕ ಅಥವಾ ಸಹರಿಯ ಹೊತ್ತಿಗೆ ಬದಲಿಸಿಕೊಳ್ಳಬಹುದು. ಆದರೆ ಅದನ್ನು ಮೊದಲ ಉಪವಾಸದ ದಿನ ಯೋಚಿಸುವುದಲ್ಲ, ಒಂದು ತಿಂಗಳು ಮೊದಲೇ ವೈದ್ಯರೊಡನೆ ಮಾತಾಡಿ. ಲಿಥಿಯಂ ತೆಗೆದುಕೊಳ್ಳುವವರ ವಿಷಯ ಬೇರೆ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟದ್ದು ಕುರ್‌ಆನ್. ಆ ವಿನಾಯಿತಿ ಜ್ವರ ಬಂದವನಿಗೆ ಇದೆ, ಮನಸ್ಸಿನ ಕಾಯಿಲೆಯವನಿಗೆ ಇಲ್ಲ ಎಂದು ನಾವು ಹೊಸ ನಿಯಮ ಮಾಡುವಂತಿಲ್ಲ.

ಮಾತ್ರೆಯ ಮಿತಿ

ಮಾತ್ರೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಎಲ್ಲ ದುಃಖಕ್ಕೂ ಇದು ಬೇಡ. ತಂದೆ ತೀರಿಕೊಂಡ ಮಗಳ ಅಳುವಿಗೆ ಮಾತ್ರೆ ಬೇಕಿಲ್ಲ, ಜನ ಬೇಕು. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆ, ದಿನಚರಿ, ನಡಿಗೆ ಇವೇ ಮೊದಲು. ತೀವ್ರತೆ ಹೆಚ್ಚಿದಷ್ಟೂ ಮಾತ್ರೆಯ ಪ್ರಯೋಜನ ಸ್ಪಷ್ಟ. ಮೊದಲು ಕೊಟ್ಟ ಮಾತ್ರೆಯೇ ಎಲ್ಲರಿಗೂ ಹಿಡಿಸುವುದೂ ಇಲ್ಲ. ಅಮೆರಿಕದಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ ಔಷಧದಿಂದಲೇ ಲಕ್ಷಣಗಳೆಲ್ಲ ಹೋದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಹಲವರಿಗೆ ಔಷಧ ಬದಲಿಸಿ, ಇನ್ನೊಂದು ಸೇರಿಸಿ ಗುಣ ಕಾಣಬೇಕಾಯಿತು. ಆರು ವಾರವಾದರೂ ಏನೂ ಆಗದಿದ್ದರೆ ಹೋಗಬೇಕಾದದ್ದು ಮತ್ತೆ ವೈದ್ಯರ ಬಳಿಗೆ.

ಗಂಡಸರು ಹೇಳಿಕೊಳ್ಳದೆ ಮಾತ್ರೆ ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ದಾಂಪತ್ಯ ಸುಖದ ಆಸಕ್ತಿ ಕಡಿಮೆಯಾಗುವುದು ಈ ಮಾತ್ರೆಗಳ ಸಾಮಾನ್ಯ ಅಡ್ಡಪರಿಣಾಮ. ಇದು ಹೊಟ್ಟೆ ತೊಳಸುವುದರಂತೆ ಎರಡು ವಾರದಲ್ಲಿ ಹೋಗದೆ ಉಳಿಯಬಹುದು. ನಾಚಿಕೆಪಡದೆ ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಲು ಅಥವಾ ಬೇರೆ ಔಷಧಕ್ಕೆ ಬದಲಿಸಲು ದಾರಿಯಿದೆ. ಹೇಳದೆ ಬಿಟ್ಟರೆ ಕಾಯಿಲೆ ಮರಳುವ ದಾರಿ ಮಾತ್ರ ಇದೆ.

ಈಮಾನಿನ ತಕ್ಕಡಿ

ಕೊನೆಯದಾಗಿ, ಇದು ಈಮಾನಿನ ದೌರ್ಬಲ್ಯ ಎನ್ನುವವರಿಗೆ ಒಂದು ಮಾತು. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಅಕೂಬ್(ಅ)ರ ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ಕಡಿಮೆಯಿತ್ತೆಂದು ಯಾರಾದರೂ ಹೇಳುತ್ತೇವೆಯೇ? ಪ್ರವಾದಿ(ಸ)ರು ಸ್ವತಃ ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು, ಹಾಗೆಯೇ ಕಾಯಿಲೆಗೆ ಚಿಕಿತ್ಸೆ ಪಡೆಯಲು ಹೇಳಿದರು. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಸಾವಿನ ಮನೆಯಲ್ಲಿ ದುಃಖಿತರಿಗೆ ಬಾರ್ಲಿಯ ಗಂಜಿ 'ತಲ್ಬೀನಾ' ಮಾಡಿಸಿ ಕೊಡುತ್ತಿದ್ದವರು ಆಯಿಶಾ(ರ). ಮನಸ್ಸಿನ ನೋವಿಗೆ ದೇಹದ ದಾರಿಯಿಂದಲೂ ನೆರವಾಗಬಹುದು ಎಂಬ ತಿಳಿವಳಿಕೆ ನಮ್ಮ ಪರಂಪರೆಗೆ ಹೊಸದಲ್ಲ.

ಸಾವಿರ ವರ್ಷಗಳ ಹಿಂದೆಯೇ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತು ಬರೆದ ಗ್ರಂಥದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದು, ಕಾರಣ ಗೊತ್ತಿರುವ ದುಃಖ. ಇನ್ನೊಂದು, ಕಾರಣವೇ ತಿಳಿಯದೆ ಆವರಿಸಿ ಯಾವುದರಲ್ಲೂ ಉತ್ಸಾಹ ಉಳಿಸದ ದುಃಖ. ಈ ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಅವರ ಕಾಲದ ವೈದ್ಯಕೀಯ ಅದನ್ನು ರಕ್ತದ ದೋಷ ಎಂದು ತಿಳಿದಿತ್ತು, ಇಂದಿನದು ಮಿದುಳಿನ ಕಡೆಗೆ ನೋಡುತ್ತದೆ. ಆದರೆ "ನಿನಗೇನು ಕಡಿಮೆಯಾಗಿದೆ?" ಎಂಬ ನಮ್ಮ ಪ್ರಶ್ನೆಗೆ ಅವರು ಅಂದೇ ಉತ್ತರಿಸಿದ್ದರು. ಏನೂ ಕಡಿಮೆಯಾಗದೆಯೂ ಈ ದುಃಖ ಬರುತ್ತದೆ.

ಉಸ್ತಾದರು, ಖತೀಬರು ಇಲ್ಲಿ ದೊಡ್ಡ ಉಪಕಾರ ಮಾಡಬಲ್ಲರು. ಊದಿಸಿಕೊಳ್ಳಲು ಬಂದವರಿಗೆ "ಮಾತ್ರೆ ಬಿಡಬೇಡ" ಎಂದು ಅವರು ಹೇಳುವ ಒಂದು ಮಾತಿಗೆ ವೈದ್ಯರ ಹತ್ತು ಮಾತಿನ ತೂಕವಿದೆ. "ಮಾತ್ರೆ ಬಿಟ್ಟು ನನ್ನ ನೀರು ಕುಡಿ" ಎನ್ನುವವರಿಂದ ದೂರವಿರಿ.

ಮನೆಯವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. "ಧೈರ್ಯ ತಂದುಕೋ" ಎನ್ನುವ ಬದಲು "ನಿನ್ನೆ ಎಷ್ಟು ಗಂಟೆ ನಿದ್ರೆ ಬಂತು?" ಎಂದು ಕೇಳಿ. "ನಮಾಝ್ ಯಾಕಿಲ್ಲ?" ಎನ್ನುವ ಬದಲು "ನನ್ನ ಪಕ್ಕದಲ್ಲಿ ನಿಲ್ಲು, ಕುಳಿತು ಮಾಡಿದರೂ ಸರಿ" ಎನ್ನಿ. ಆರು ವಾರ ತೀರ್ಪು ಕೊಡಬೇಡಿ. ಗುಣವಾದ ಮೇಲೆ ಮಾತ್ರೆ ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಲಿ. ಅಲ್ಲಿಯವರೆಗೆ ರಾತ್ರಿ ಊಟದ ತಟ್ಟೆಯ ಪಕ್ಕ ಒಂದು ಲೋಟ ನೀರು ಮತ್ತು ಆ ಮಾತ್ರೆಯನ್ನು ಇಟ್ಟುಕೊಡುವ ಕೆಲಸ ನಿಮ್ಮದಾಗಲಿ.